ಹಿಂದಿನದನ್ನು ಓದು, ಮುಂದಿನದನ್ನು ಓದಬೇಡ

ಈ ವರ್ಷದ ಸಂಚಿಕೆಗೆ ಕಂಪ್ಯೂಟರ್ ಆಟವೊಂದನ್ನು ಕುರಿತು ಲೇಖನ ಕೊಡುವೆನೆಂದಾಗ ಸಹಪಾಠಿಗಳು ನಕ್ಕರು. ನಮ್ಮ ಗುರುಗಳೊಬ್ಬರು ಮಾತ್ರ ನಗದೆ, "ಆಟದ ಬಗ್ಗೆ ಬರೀತೀಯೋ, ಓದಿನ ಬಗ್ಗೆ ಬರೀತೀಯೋ?" ಎಂದು ಕೇಳಿದರು. ಓದಿನ ಬಗ್ಗೆಯೇ ಎಂದೆ. "ಹಾಗಾದರೆ ಬರಿ" ಎಂದರು. ಆ ಅಪ್ಪಣೆಯ ಬಲದಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾನು ಬನಹಟ್ಟಿಯ ನೇಕಾರರ ಮನೆಯವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಕಾನ ಮಗ, ನಮ್ಮ ಅಣ್ಣ, ಸೀರೆಯ ಅಂಚು ಸೆರಗುಗಳ ನಕ್ಷೆ ತೆಗೆಯಲೆಂದು ಒಂದು ಹಳೆಯ ಕಂಪ್ಯೂಟರು ಕೊಂಡಿದ್ದಾನೆ. ಹಗಲೆಲ್ಲ ಅದು ಅವನ ಅನ್ನದ ದಾರಿ. ರಾತ್ರಿ ಊಟವಾದ ಮೇಲೆ ಅದು ನಮ್ಮದು. ನಮ್ಮದು ಎಂದರೆ ನನ್ನದು ಮತ್ತು ಮುಧೋಳದಿಂದ ಬಂದು ನಮ್ಮ ಓಣಿಯಲ್ಲಿಯೇ ಬಾಡಿಗೆಯ ಕೋಣೆಯಲ್ಲಿರುವ ನನ್ನ ಗೆಳೆಯನದು. ನಾವಿಬ್ಬರೂ ಕೂಡಿ ಆಡಿದ ಆಟದ ಹೆಸರು 'ಡಾರ್ಕ್ ಸೋಲ್ಸ್'. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಎಂಬ ಸಂಸ್ಥೆ ಇದನ್ನು 2011ರಲ್ಲಿ ಹೊರತಂದಿತು. ನಾವು ಆಡಿದ್ದು 2018ರಲ್ಲಿ ಪರಿಷ್ಕರಿಸಿ ಬಿಟ್ಟ ಪ್ರತಿ. ಕಾದುವುದು ಗೆಳೆಯನ ಪಾಲು, ಏಕೆಂದರೆ ನನ್ನ ಬೆರಳುಗಳಿಗೆ ಆ ಚುರುಕಿಲ್ಲ. ಸಿಕ್ಕಿದ್ದನ್ನು ಓದುವುದು ನನ್ನ ಪಾಲು.

ಓದಲಿಕ್ಕೆ ಅಲ್ಲೇನಿದೆ ಎಂದು ಕೇಳುವಿರಿ. ಈ ಆಟ ತನ್ನ ಕಥೆಯನ್ನು ಬಾಯಿಬಿಟ್ಟು ಹೇಳುವುದು ಬಹಳ ಕಡಿಮೆ. ಆರಂಭದಲ್ಲಿ ಸ್ವಲ್ಪ ಹೊತ್ತು ಒಬ್ಬ ಮುದುಕಿಯ ಧ್ವನಿ ಜಗತ್ತಿನ ಉತ್ಪತ್ತಿಯನ್ನು ಹೇಳುತ್ತದೆ: ಬೂದು ಬಂಡೆಗಳ ಕಾಲವಿತ್ತು, ಬೆಂಕಿ ಹುಟ್ಟಿತು, ಗ್ವಿನ್ ಎಂಬ ಸೂರ್ಯಪ್ರಭು ಮೊದಲಾದವರು ಆ ಬೆಂಕಿಯಿಂದ ಬಲ ಪಡೆದು ಡ್ರ್ಯಾಗನ್‌ಗಳನ್ನು ಸೋಲಿಸಿದರು, ಈಗ ಆ ಬೆಂಕಿ ನಂದುತ್ತ ಬಂದಿದೆ. ಇಷ್ಟು ಹೇಳಿ ಧ್ವನಿ ನಿಲ್ಲುತ್ತದೆ. ನಾವು ಒಂದು ಸೆರೆಮನೆಯಲ್ಲಿ ಕಣ್ಣು ತೆರೆಯುತ್ತೇವೆ. ಮುಂದೆ ಯಾರು ಯಾರ ಮಗ, ಆ ಗುಡಿ ಯಾರದು, ಈ ಊರು ಏಕೆ ಹಾಳಾಯಿತು ಎಂದು ತಿಳಿಸುವ ಸೂತ್ರಧಾರನಿಲ್ಲ. ಆದರೆ ದಾರಿಯಲ್ಲಿ ಕತ್ತಿ, ಉಂಗುರ, ಪದಕ, ಹರಿದ ಅಂಗಿ ಸಿಗುತ್ತವೆ. ಚೀಲ ತೆರೆದು ಆ ವಸ್ತುವಿನ ಮೇಲೆ ನಿಂತರೆ ಮೂರು ನಾಲ್ಕು ಸಾಲಿನ ಇಂಗ್ಲಿಷ್ ವಿವರಣೆ ಕಾಣುತ್ತದೆ. ಆ ಜಗತ್ತಿನ ಪುರಾಣವೆಲ್ಲ ಈ ವಿವರಣೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ.

ಇದು ಆಕಸ್ಮಿಕವಲ್ಲ. ಆಟದ ನಿರ್ದೇಶಕರಾದ ಹಿದೆತಾಕ ಮಿಯಾಝಾಕಿಯವರು 2015ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ತಮ್ಮ ಬಾಲ್ಯವನ್ನು ಹೇಳಿಕೊಂಡಿದ್ದಾರೆ. ಅವರದು ಬಡತನದ ಮನೆ. ಪುಸ್ತಕ ಕೊಳ್ಳಲಾಗದೆ ಗ್ರಂಥಾಲಯದಿಂದ ತರುತ್ತಿದ್ದರು. ತಮ್ಮ ಓದಿನ ಮಟ್ಟಕ್ಕೆ ಮೀರಿದ ಪುಸ್ತಕಗಳನ್ನು ತಂದು, ತಿಳಿಯದ ಭಾಗಗಳನ್ನು ಚಿತ್ರ ನೋಡಿ ಊಹೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ನನ್ನದೇ ಕಥೆ ಕೇಳಿದಂತಾಯಿತು. ಪಿ.ಯು.ಸಿ. ಮುಗಿಯುವವರೆಗೂ ನಾನು ಇಂಗ್ಲಿಷ್ ಪುಸ್ತಕಗಳನ್ನು ಓದಿದ್ದು ಹೀಗೆಯೇ, ಅರ್ಧ ತಿಳಿದು, ಅರ್ಧ ಕಟ್ಟಿಕೊಂಡು. ವ್ಯತ್ಯಾಸವೆಂದರೆ, ನನಗೆ ಅದು ಕೊರತೆಯಾಗಿ ಕಂಡಿತ್ತು. ಅವರು ಅದನ್ನೇ ಕಥೆ ಹೇಳುವ ರೀತಿಯನ್ನಾಗಿ ಮಾಡಿಕೊಂಡರು.

ಈ ಓದು ಹೇಗೆ ನಡೆಯುತ್ತದೆಂಬುದಕ್ಕೆ ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಆಟದ ಮೊದಲ ಭಾಗದಲ್ಲಿಯೇ, ಸೇತುವೆಯೊಂದನ್ನು ದಾಟಿದರೆ, ಸೂರ್ಯನ ಪೂಜಾಪೀಠವಿದೆ. ಅದರ ಮೇಲಿನ ವಿಗ್ರಹ ಒಡೆದಿದೆ. ಯಾರ ವಿಗ್ರಹವೆಂದು ಅಲ್ಲಿ ಬರೆದಿಲ್ಲ. ಮುಂದೆ, ಬೇರೆ ಆಟಗಾರರಿಗೆ ನೆರವಾದವರಿಗೆ ಸನ್‌ಲೈಟ್ ಮೆಡಲ್ ಎಂಬ ಪದಕ ಸಿಗುತ್ತದೆ. ಅದರ ಮೇಲಿನ ಸೂರ್ಯನ ಚಿಹ್ನೆ ಗ್ವಿನ್ ಪ್ರಭುವಿನ ಹಿರಿಯ ಮಗನದು. ಅವನು ದೇವಪದವಿಯನ್ನು ಕಳೆದುಕೊಂಡ, ದಾಖಲೆಗಳಿಂದ ಅವನನ್ನು ಅಳಿಸಿದರು, ಆದರೂ ಆ ಹಳೆಯ ಯುದ್ಧದೇವತೆ ತನ್ನ ಯೋಧರನ್ನು ಇಂದಿಗೂ ಕಾಯುತ್ತಿದ್ದಾನೆ ಎಂಬುದು ಅದರ ವಿವರಣೆಯ ತಾತ್ಪರ್ಯ. ಈಗ ಒಡೆದ ವಿಗ್ರಹದ ನೆನಪಾಗುತ್ತದೆ. ಇನ್ನೂ ಮುಂದೆ ಒಂದು ಉಂಗುರ ಸಿಗುತ್ತದೆ. ಅದು ಅದೇ ಹಿರಿಯ ಮಗನು ತೊಟ್ಟ ಉಂಗುರ; ಅವನ ಅವಿವೇಕವೇ ಅವನಿಗೆ ಮುಳುವಾಯಿತೆಂದೂ, ಇಂದು ಅವನ ಹೆಸರು ಕೂಡ ಯಾರಿಗೂ ತಿಳಿಯದೆಂದೂ ಅದು ಹೇಳುತ್ತದೆ. ಬಹಳ ದೂರ ನಡೆದವರಿಗೆ ಮಾತ್ರ ಸಿಗುವ ನಾಲ್ಕನೆಯ ಸುಳಿವೊಂದಿದೆ. ಅದು ಒಂದು ಮಂತ್ರ. ಅವನು ಹೊರಟುಹೋಗುವಾಗ ಅದನ್ನು ಒಂದು ಕಡೆ ಬಿಟ್ಟುಹೋದ, ಬಹುಶಃ ಕೊನೆಯ ವಿದಾಯವಾಗಿ, ಎಂದು ಅಲ್ಲಿದೆ. ಎಲ್ಲಿ ಬಿಟ್ಟನೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ತಂದೆಯ ಕಥೆಗೆ ತಾಗುತ್ತದೆ, ತಂದೆಯ ಕಥೆ ಮುಖ್ಯ ಕಥೆಗೆ ತಾಗುತ್ತದೆ.

ಈಗ ಈ ನಾಲ್ಕರಿಂದ ನಮಗೆ ತಿಳಿದುದೆಷ್ಟು? ಹಿರಿಯ ಮಗನೊಬ್ಬನಿದ್ದ, ಯುದ್ಧದೇವತೆಯಾಗಿದ್ದ, ಏನೋ ತಪ್ಪಿಗಾಗಿ ಪದವಿ ಮತ್ತು ಹೆಸರು ಕಳೆದುಕೊಂಡ. ಆ ತಪ್ಪು ಯಾವುದು? ಅವನು ಹೋದುದೆಲ್ಲಿಗೆ? ಈಗಲೂ ಇದ್ದಾನೆಯೇ? ಇವಕ್ಕೆ ಉತ್ತರವಿಲ್ಲ. ಹೇಳಿದ್ದು ಇಷ್ಟು, ಹೇಳದೆ ಬಿಟ್ಟದ್ದು ಇಷ್ಟು ಎಂದು ನಾನು ನೋಟುಬುಕ್ಕಿನ ಒಂದು ಹಾಳೆಯನ್ನು ಎರಡು ಭಾಗ ಮಾಡಿ ಬರೆದುಕೊಂಡೆ. ಇತಿಹಾಸದ ತರಗತಿಯಲ್ಲಿ ಐಹೊಳೆಯ 634ರ ಶಾಸನವನ್ನು ಪಾಠ ಹೇಳುವಾಗ, ಮೊದಲು ಕಲ್ಲು ಏನೆನ್ನುತ್ತದೆ ನೋಡಿ, ಆಮೇಲೆ ವಿದ್ವಾಂಸರು ಏನೆನ್ನುತ್ತಾರೆ ನೋಡಿ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ ಎಂದು ನಮಗೆ ಕಲಿಸಿದ್ದಾರೆ. ಆ ಪಾಠ ನನಗೆ ಉಪಯೋಗಕ್ಕೆ ಬಂದದ್ದು ಪರೀಕ್ಷೆಗಿಂತ ಮೊದಲು ಇಲ್ಲಿ.

ಏಕೆಂದರೆ ಇದೇ ಆಟವನ್ನು ಕುರಿತು ಆಟಗಾರರೇ ಕೂಡಿ ಬರೆದ ವಿಕಿಗಳಿವೆ. ಒಂದೊಂದು ವಸ್ತುವಿಗೂ ಒಂದೊಂದು ಪುಟ. ದೇಶದೇಶದ ಜನ ಸಂಬಳವಿಲ್ಲದೆ ಕಟ್ಟಿದ ಆ ಕೋಶಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಕಲ್ಲಿನ ಮಾತೂ ವಿದ್ವಾಂಸರ ಮಾತೂ ಒಂದೇ ಅಕ್ಷರದಲ್ಲಿ ಅಚ್ಚಾಗುತ್ತವೆ. ಆಟದ ವಿವರಣೆಯಲ್ಲಿ 'ಬಹುಶಃ' ಎಂಬ ಮಾತಿದ್ದರೆ, ವಿಕಿಯ ಸಾರಾಂಶದಲ್ಲಿ ಅದು ಉದುರಿಹೋಗಿ, ಊಹೆಯು ಸಂಗತಿಯಾಗಿ ನಿಲ್ಲುವುದುಂಟು. ಪುಟವನ್ನು ನಂಬಬಹುದೋ ಇಲ್ಲವೋ ಎಂದು ತಿಳಿಯಲು ನಾನು ಕಂಡುಕೊಂಡ ಸುಲಭದ ಪರೀಕ್ಷೆ ಇದೇ: ಮೂಲದಲ್ಲಿದ್ದ 'ಬಹುಶಃ', 'ಎನ್ನುತ್ತಾರೆ' ಎಂಬ ಮಾತುಗಳು ಸಾರಾಂಶದಲ್ಲಿ ಉಳಿದಿವೆಯೇ ನೋಡಿರಿ. ಹಿರಿಯ ಮಗನ ವಿಷಯದಲ್ಲಿಯೇ, ಆಟದ ದಾರಿಯಲ್ಲಿ ಸಿಗುವ ಒಬ್ಬ ಯೋಧನೇ ಅವನೆಂದು ಬಹಳ ಜನ ವರ್ಷಗಟ್ಟಲೆ ವಾದಿಸಿದರು. 2016ರಲ್ಲಿ ಮೂರನೆಯ ಭಾಗ ಬಂದ ಮೇಲೆ ಆ ವಾದದ ಬಲ ಕುಂದಿತು. ಮೂರನೆಯ ಭಾಗ ಏನೆನ್ನುತ್ತದೆಂಬುದನ್ನೂ ನಾನು ಹೇಳೆನು. ಒಡೆದ ವಿಗ್ರಹವನ್ನು ಇನ್ನೂ ನೋಡದವರು ನಮ್ಮ ಕಾಲೇಜಿನಲ್ಲಿ ಇದ್ದಾರು.

ಅತಿಯಾಗಿ ಓದುವುದರಿಂದ ಆಗುವ ಫಜೀತಿಗೂ ಈ ಆಟದಲ್ಲಿಯೇ ನಿದರ್ಶನವಿದೆ. ಆರಂಭದಲ್ಲಿ ಆಟಗಾರನು ಒಂದು ಕಾಣಿಕೆಯನ್ನು ಆರಿಸಿಕೊಳ್ಳಬಹುದು. ಅವುಗಳಲ್ಲಿ ಒಂದು ಪೆಂಡೆಂಟ್, ಕೊರಳ ಪದಕ. ಇದರಿಂದ ಯಾವ ಪ್ರಯೋಜನವೂ ಇಲ್ಲವೆಂದು ವಿವರಣೆಯೇ ಹೇಳುತ್ತದೆ. ಆದರೆ ತಾವಾದರೆ ಆ ಪದಕವನ್ನು ತೆಗೆದುಕೊಳ್ಳುವೆನು, ಇಲ್ಲವೆ ಏನನ್ನೂ ತೆಗೆದುಕೊಳ್ಳೆನು ಎಂದು ನಿರ್ದೇಶಕರು ಹೇಳಿದ್ದರು. ಸರಿ, ಅದರೊಳಗೆ ಮಹಾ ರಹಸ್ಯವಿರಬೇಕೆಂದು ಜನ ಮೂಲೆಮೂಲೆಗೆ ಅದನ್ನು ಹೊತ್ತು ತಿರುಗಿದರು. 2012ರಲ್ಲಿ ಮಿಯಾಝಾಕಿಯವರು ಅದೊಂದು ಚೇಷ್ಟೆಯಾಗಿತ್ತೆಂದು ಒಪ್ಪಿಕೊಂಡರು. ವಿವರಣೆ ಮೊದಲೇ ಸತ್ಯ ಹೇಳಿತ್ತು. ಓದುಗರು ಅದನ್ನು ಬಿಟ್ಟು ವಿವರಣೆಯ ಹೊರಗಿನ ಮಾತನ್ನು ನಂಬಿದ್ದರು.

ಇಷ್ಟರವರೆಗೆ ನಾನು ಜಾಣನಂತೆ ಬರೆದಿದ್ದೇನೆ. ಈಗ ನನ್ನ ತಪ್ಪನ್ನು ಹೇಳಬೇಕು. ಈ ಲೇಖನಕ್ಕೆ ಕಾರಣವೇ ಆ ತಪ್ಪು.

ಆಟದಲ್ಲಿ ನಮಗೆ ಆಗಾಗ ಎದುರಾಗಿ ಒಳ್ಳೆಯ ಮಾತಾಡುವ ಒಬ್ಬನಿದ್ದ. ಹೆಸರು ಬೇಡ. ಗೆಳೆಯನಿಗೆ ಅವನೆಂದರೆ ಬಲು ಪ್ರೀತಿ. ಪ್ರತಿ ಹೊಸ ಜಾಗಕ್ಕೆ ಹೋದಾಗಲೂ "ನಮ್ಮ ಮಾಮಾ ಎಲ್ಲಿ ಕುಂತಾನ ನೋಡೋಣ" ಎಂದು ಮೊದಲು ಅವನನ್ನೇ ಹುಡುಕುತ್ತಿದ್ದ. ಒಂದು ರಾತ್ರಿ ಅವನು, "ಅಂವ ಹಾಕ್ಕೊಂಡಾನಲ್ಲ, ಆ ಕವಚದ ತೂಕ ಎಷ್ಟು ನೋಡೋ" ಎಂದ. ತೂಕವಷ್ಟೇ ನೋಡಲೆಂದು ನಾನು ಫೋನಿನಲ್ಲಿ ವಿಕಿಯ ಪುಟ ತೆರೆದೆ. ತೂಕದ ಕೆಳಗೆಯೇ `Availability` ಎಂಬ ತಲೆಬರಹವಿತ್ತು. ಆ ವಸ್ತು ಎಲ್ಲಿ, ಹೇಗೆ ಕೈಸೇರುತ್ತದೆಂದು ಹೇಳುವ ಭಾಗ ಅದು. ಒಬ್ಬನ ಮೈಮೇಲಿನ ಕವಚ ನಮ್ಮ ಕೈಗೆ ಬರುವುದು ಹೇಗೆ? ಅಲ್ಲಿದ್ದ ಒಂದೇ ವಾಕ್ಯದಲ್ಲಿ ಅವನ ಗತಿಯೆಲ್ಲ ಇತ್ತು. ನಾನು ಫೋನನ್ನು ಬೋರಲು ಹಾಕಿದೆ. ಬಾಯಿ ಬಿಡಲಿಲ್ಲ. ಆದರೆ ಗೆಳೆಯ ನನ್ನ ಮುಖ ನೋಡಿದ್ದ. "ಏನ್ ಓದಿದಿ?" ಎಂದ. "ಏನಿಲ್ಲ" ಎಂದೆ. "ಏನಿಲ್ಲ ಅಂದ್ರ ತೂಕ ಹೇಳು" ಎಂದ. ತೂಕ ನನಗೆ ನೆನಪಿರಲಿಲ್ಲ. ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದುಹೋದ. ತಿಂಗಳೊಪ್ಪತ್ತು ಆಟಕ್ಕೆ ಬರಲಿಲ್ಲ. ಕಾಲೇಜಿಗೆ ಜಮಖಂಡಿಯ ಬಸ್ಸಿನಲ್ಲಿ ಒಟ್ಟಿಗೇ ಹೋಗುತ್ತಿದ್ದೆವು, ಆದರೆ ಆ ಮಾತು ಇಬ್ಬರೂ ಎತ್ತಲಿಲ್ಲ.

ಆ ತಿಂಗಳಲ್ಲಿ ನಾನು ಬಹಳ ಯೋಚಿಸಿದೆ. ಹಿರಿಯ ಮಗನ ಬಗ್ಗೆ ನೂರು ಸಂಗತಿಗಳನ್ನು ಓದಿ ಗೆಳೆಯನಿಗೆ ಹೇಳಿದ್ದೆ, ಅವನು ಖುಷಿಪಟ್ಟಿದ್ದ. ಈ ಒಂದು ವಾಕ್ಯ ಏಕೆ ಎಲ್ಲವನ್ನೂ ಕೆಡಿಸಿತು? ನನಗೆ ಹೊಳೆದುದಿಷ್ಟು. ಹಿರಿಯ ಮಗನ ಕಥೆ ನಾವು ಆ ಜಗತ್ತಿಗೆ ಬರುವ ಮೊದಲೇ ನಡೆದುಹೋದದ್ದು. ಅದನ್ನು ತಿಳಿದರೆ ನಾವು ನಿಂತ ನೆಲದ ಅರ್ಥ ಹೆಚ್ಚುತ್ತದೆ. ಆದರೆ ಆ ಮಾಮಾನ ಗತಿ ನಮ್ಮ ಎದುರಿಗೆ, ನಮ್ಮ ನಡೆಯಿಂದ, ಇನ್ನು ಮುಂದೆ ಆಗಬೇಕಾದದ್ದು. ಅದನ್ನು ಮೊದಲೇ ಓದಿದರೆ ನಾವು ಆಡುವುದಕ್ಕೇನೂ ಉಳಿಯುವುದಿಲ್ಲ. ಬರೆದಿಟ್ಟದ್ದನ್ನು ನೆರವೇರಿಸುವ ಆಳುಗಳಾಗುತ್ತೇವೆ. ಆದುದರಿಂದ ನನ್ನ ಅಭಿಪ್ರಾಯವಿದು: ನೀನು ಬರುವ ಮೊದಲು ಆದುದನ್ನು ಓದು, ನೀನು ಬಂದ ಮೇಲೆ ಆಗುವುದನ್ನು ಓದಬೇಡ.

ಈ ಸೂತ್ರಕ್ಕೆ ಒಂದು ತೊಡಕುಂಟು. ಕೆಲವು ಹಿಂದಿನ ಸಂಗತಿಗಳ ಮೇಲೆಯೇ ಮುಂದಿನ ಕಥೆ ನಿಂತಿರುತ್ತದೆ. ಮೇಲೆ ಹೇಳಿದ ಮಂತ್ರದ ವಿವರಣೆ ಅಂಥದು. ಆದರೆ ಆಟ ಮಾಡಿದವರು ಅದನ್ನು ಮೊದಲ ಬಾಗಿಲಲ್ಲಿ ಇಟ್ಟಿಲ್ಲ, ಬಹಳ ದೂರದಲ್ಲಿ ಇಟ್ಟಿದ್ದಾರೆ. ನಮ್ಮ ಮನೆಯ ಮಗ್ಗದಲ್ಲಿ ಜಕಾರ್ಡಿನ ಪಟ್ಟಿಗಳು ಒಂದರ ಹಿಂದೆ ಒಂದು ಬರಬೇಕು. ಎಲ್ಲ ಪಟ್ಟಿಗಳೂ ಇದ್ದು ಕ್ರಮ ತಪ್ಪಿದರೆ ಸೆರಗಿನ ಮೇಲೆ ನವಿಲು ಮೂಡುವುದಿಲ್ಲ. ಚೀಲದಲ್ಲಿ ವಸ್ತುಗಳು ಕ್ರಮದಿಂದ ಬರುತ್ತವೆ, ವಿಕಿಯಲ್ಲಿ ಎಲ್ಲವೂ ಏಕಕಾಲಕ್ಕೆ ಕಾಣುತ್ತವೆ. ಹೀಗಾಗಿ ಎರಡನೆಯ ಸೂತ್ರ: ನಿನ್ನ ಚೀಲಕ್ಕೆ ಬಂದ ವಸ್ತುವನ್ನು ಮಾತ್ರ ಓದು.

ಹಾಗಾದರೆ ವಿಕಿಯೇ ಬೇಡವೇ? ಬೇಕು. ಕಠಿಣ ಶಬ್ದಗಳ ಅರ್ಥಕ್ಕೆ ಬೇಕು. ಇಂಗ್ಲಿಷ್ ಪಾಠವೇ ಜಪಾನಿಯ ಅನುವಾದವಾದ್ದರಿಂದ ಮೂಲವೇನಿತ್ತೆಂಬ ಚರ್ಚೆಗೆ ಬೇಕು. ಹಿಂದೆ ಎಲ್ಲಿ ಈ ಹೆಸರು ಬಂದಿತ್ತೆಂದು ನೆನಪಿಸಿಕೊಳ್ಳಲು ಬೇಕು. ನಾನೀಗ ಹೀಗೆ ಮಾಡುತ್ತೇನೆ. ಮೊದಲು ಚೀಲದಲ್ಲಿಯೇ ಓದಿ, ನನ್ನ ಊಹೆಯನ್ನು ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಆಮೇಲೆ ವಿಕಿಯೊಳಗಿನ ಹುಡುಕುವ ಚೌಕದಲ್ಲಿ ವಸ್ತುವಿನ ಪೂರ್ತಿ ಹೆಸರನ್ನೇ ಬರೆಯುತ್ತೇನೆ. ವ್ಯಕ್ತಿಯ ಹೆಸರನ್ನು ಬರೆಯುವುದಿಲ್ಲ. ಅರ್ಧ ಬರೆಯುವಷ್ಟರಲ್ಲಿಯೇ ಕೆಳಗೆ ಮೂಡುವ ಸಲಹೆಗಳು 'ಸಾವು' ಎಂಬ ಶಬ್ದವನ್ನು ಅವನ ಹೆಸರಿಗೆ ಅಂಟಿಸಿ ತೋರಿಸಬಹುದು. ಪುಟ ತೆರೆದ ಮೇಲೆ ಆಟದಿಂದ ಎತ್ತಿಕೊಟ್ಟ ವಿವರಣೆಯನ್ನಷ್ಟೇ ಓದಿ ನಿಲ್ಲುತ್ತೇನೆ. `Availability`, `Lore`, `Trivia` ಎಂಬ ಭಾಗಗಳಿಗೆ ಇಳಿಯುವುದಿಲ್ಲ. ಪುಟದ ತಳಕ್ಕಂತೂ ಹೋಗುವುದಿಲ್ಲ, ಅಲ್ಲಿರುವ ವರ್ಗಗಳ ಪಟ್ಟಿ ಯಾರು ಮಿತ್ರ ಯಾರು ಶತ್ರು ಎಂಬುದನ್ನು ಒಂದೇ ಶಬ್ದದಲ್ಲಿ ಹೇಳಿಬಿಡುತ್ತದೆ.

ಇನ್ನೊಂದು ಉಪಾಯ ಬಲು ಉಪಯುಕ್ತವಾದುದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಡೆಯುವ ವಿಕಿಗಳಲ್ಲಿ ಪುಟದ ವಿಳಾಸದ ಕೊನೆಗೆ `?action=history` ಎಂದು ಸೇರಿಸಿದರೆ, ಆ ಪುಟ ಯಾವ ದಿನ ಹೇಗಿತ್ತೆಂಬ ಪಟ್ಟಿ ಬರುತ್ತದೆ. ಮೊದಲ ಭಾಗವನ್ನು ಆಡುವವನು 2016ಕ್ಕೆ ಮುಂಚಿನ ಪ್ರತಿಯನ್ನು ತೆರೆದರೆ ಮೂರನೆಯ ಭಾಗದ ಸುದ್ದಿ ಅದರ ಬರಹದಲ್ಲಿ ಇರುವುದಿಲ್ಲ. ಆಗಿನ ಓದುಗರು ಏನೇನು ಊಹಿಸಿದ್ದರೋ ಅದೇ ಕಾಣುತ್ತದೆ. ತಪ್ಪು ಊಹೆಗಳನ್ನು ಓದುವುದರಲ್ಲಿಯೂ ಒಂದು ಸುಖವಿದೆ. ಆದರೆ ಇದಕ್ಕೂ ಮಿತಿಯುಂಟು. ಬದಿಯ ಚೌಕ, ತಳದ ಕೊಂಡಿಗಳ ಪಟ್ಟಿಗಳಂಥವು ಬೇರೆ ಕಡೆಯ ಅಚ್ಚಿನಿಂದ ಬಂದು ಕೂಡುತ್ತವೆ. ಹಳೆಯ ಪ್ರತಿಯಲ್ಲಿಯೂ ಅವು ಇಂದಿನ ರೂಪದಲ್ಲಿಯೇ ಕಾಣುತ್ತವೆ. ಮೊದಲ ಭಾಗದ್ದೇ ಕೊನೆಯನ್ನಂತೂ ಹಳೆಯ ಪ್ರತಿ ಮುಚ್ಚಿಡಲಾರದು.

ಕೆಲವರು ಆಕ್ಷೇಪಿಸಬಹುದು. ರನ್ನ ಹುಟ್ಟಿದ ಮುಧೋಳ ಇಲ್ಲಿಂದ ದೂರವಿಲ್ಲ. ಅವನ 'ಗದಾಯುದ್ಧ'ವನ್ನು ಓದುವಾಗ ದುರ್ಯೋಧನನ ಕೊನೆ ತಿಳಿಯದವರು ಯಾರು? ಸಿಂಹಾವಲೋಕನ ಕ್ರಮದಿಂದ ಕವಿಯೇ ಕೊನೆಯ ದಿನದ ಮೇಲೆ ನಿಂತು ಹಿಂದಿನ ಭಾರತವನ್ನೆಲ್ಲ ನೋಡಿದ್ದಾನೆ. ಪಾರಿಜಾತದ ಆಟವನ್ನು ಬೆಳಗಿನವರೆಗೆ ನೋಡುವ ನಮ್ಮ ಹಿರಿಯರು ಕಥೆ ಗೊತ್ತಿಲ್ಲದೆ ಕೂಡುತ್ತಾರೆಯೇ? ಕೊನೆ ತಿಳಿದರೆ ಕೆಡುವ ಕಥೆ ಕಥೆಯೇ ಅಲ್ಲ, ಎಂದು. ಈ ಮಾತಿನಲ್ಲಿ ಹುರುಳಿದೆ. ಆದರೆ ರನ್ನನು ತನ್ನ ಓದುಗರಿಗೆ ಕಥೆ ಗೊತ್ತಿದೆಯೆಂದು ತಿಳಿದೇ ಬರೆದನು. ಆ ತಿಳಿವಳಿಕೆಯ ಮೇಲೆಯೇ ಕಾವ್ಯ ಕಟ್ಟಿದನು. ಈ ಆಟವನ್ನು ಕಟ್ಟಿದವರು ನಮಗೆ ಗೊತ್ತಿಲ್ಲವೆಂದು ತಿಳಿದು ಕಟ್ಟಿದ್ದಾರೆ. ಅಲ್ಲಿ ದುರ್ಯೋಧನನನ್ನು ಕೊಳಕ್ಕೆ ಕಳಿಸುವವರು ನಾವಲ್ಲ. ಇಲ್ಲಿ ಆ ಮಾಮಾನ ಬಳಿಗೆ ಹೋಗುವುದೋ ಬಿಡುವುದೋ ನಮ್ಮ ಕೈಯಲ್ಲಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗೆಳೆಯ ಈಚೆಗೆ ಮರಳಿ ಬಂದ. ಒಂದು ಕರಾರು ಹಾಕಿದ: ನಾನು ಓದಿದ್ದನ್ನು ಅವನು ಕೇಳುವುದಿಲ್ಲ, ಅವನು ಆ ಜಾಗಕ್ಕೆ ಹೋಗುವಾಗ ನಾನು ಕೋಣೆಯಲ್ಲಿರಬಾರದು. ಒಪ್ಪಿದೆ. ಆ ರಾತ್ರಿ ನಾನು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಓಣಿಯ ಮಗ್ಗಗಳು ನಡೆದಿದ್ದವು. ಬಹಳ ಹೊತ್ತಿನ ಮೇಲೆ ಅವನು ಬಾಗಿಲಿಗೆ ಬಂದು, "ಒಳಗ ಬಾ, ಒಂದು ವಸ್ತು ಸಿಕ್ಕೈತಿ, ಓದಿ ಹೇಳು" ಎಂದ. ಏನಾಯಿತೆಂದು ನಾನು ಕೇಳಲಿಲ್ಲ. ಚೀಲ ತೆರೆದು, ಅಲ್ಲಿ ಬರೆದಷ್ಟನ್ನೇ ಓದಿ ಹೇಳಿದೆ.